ಮಾಲಕರಿಗೆ ಸೂಟಿ ಅರ್ಜಿ ಬರೆಯುವುದು ಹೇಗೆ? ಸಣ್ಣ ಅಂಗಡಿಯಲ್ಲಿ ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿ, ನೆಹರು ಗಂಜ್‌ನ ಅಡತ್ ಅಂಗಡಿ, ಹಾರ್ಡ್‌ವೇರ್, ಮೆಡಿಕಲ್, ಪ್ರಿಂಟಿಂಗ್ ಪ್ರೆಸ್. ಇಂಥ ಕಡೆ ಹೆಚ್ಚೆಂದರೆ ಹತ್ತು ಜನ ಕೆಲಸಕ್ಕಿರುತ್ತಾರೆ. ಸೂಟಿ ಕೊಡುವವರು, ಪಗಾರ ಕೊಡುವವರು, ಬೈಯುವವರು ಎಲ್ಲ ಒಬ್ಬರೇ. ಈ ಪುಟ ಅಲ್ಲಿ ಕೆಲಸ ಮಾಡುವವರಿಗೆ. ಕೊನೆಯ ಕಡೆ ಮಾಲಕರಿಗೂ ಒಂದು ಪ್ರಶ್ನೆ ಇದೆ.

ದಿನಾ ಮುಖ ನೋಡುವ ಮಾಲಕರಿಗೆ ಬರೆದು ಕೊಡುವುದು ಯಾಕೆ? ಬಾಯಲ್ಲಿ ಹೇಳಿದರೆ ಸಾಲದಾ?

ಒಂದು ದಿನದ ಸೂಟಿಗೆ ಸಾಕು. ಎರಡು ದಿನಕ್ಕಿಂತ ಜಾಸ್ತಿಯಾದರೆ ಸಾಲುವುದಿಲ್ಲ. ಅದಕ್ಕೆ ಕಾರಣ ಅಪನಂಬಿಕೆಯಲ್ಲ. ಗಿರಾಕಿಗಳ ನಡುವೆ ನಿಂತು ಕೇಳಿದ ಮಾತಿಗೆ ಮಾಲಕರು "ಹೂಂ, ನೋಡೋಣ" ಅಂದಿರುತ್ತಾರೆ. ನೀವು ಅದನ್ನು ಒಪ್ಪಿಗೆ ಅಂದುಕೊಳ್ಳುತ್ತೀರಿ, ಅವರು ಮಾತು ಮುಂದಕ್ಕೆ ಹಾಕಿದೆ ಅಂದುಕೊಳ್ಳುತ್ತಾರೆ. ಹದಿನೈದು ದಿನ ಕಳೆದ ಮೇಲೆ ಇಬ್ಬರ ನೆನಪೂ ಬೇರೆ ಬೇರೆ ಇರುತ್ತದೆ. ನೀವು ಊರಿಗೆ ಹೋದ ದಿನವೇ ಲಾರಿ ಮಾಲು ಇಳಿಸಲು ಬಂದು ನಿಲ್ಲುತ್ತದೆ. "ಹೇಳದೇ ಹೋದ" ಎಂಬ ಮಾತು ಹುಟ್ಟುವುದು ಆಗ.

ಜಗಳ ಸಾಮಾನ್ಯವಾಗಿ ಸೂಟಿ ಕೊಟ್ಟರೋ ಇಲ್ಲವೋ ಎಂಬುದಕ್ಕೆ ಆಗುವುದಿಲ್ಲ. ಎಷ್ಟು ದಿನ, ಯಾವತ್ತು ವಾಪಸ್, ಪಗಾರ ಹಿಡಿಯುತ್ತಾರಾ, ಈ ಮೂರಕ್ಕೆ ಆಗುತ್ತದೆ. ಚೀಟಿಯಲ್ಲಿ ಈ ಮೂರು ಇದ್ದರೆ ಅದು ಅರ್ಧ ಹಾಳೆಯಾದರೂ ನಡೆಯುತ್ತದೆ. ಇವು ಇಲ್ಲದಿದ್ದರೆ ಎಷ್ಟೇ ವಿನಯದಿಂದ ಬರೆದರೂ ಆ ಕಾಗದ ಕೆಲಸಕ್ಕೆ ಬರುವುದಿಲ್ಲ.

ಬರೆದು ಕೊಟ್ಟರೆ "ಇವನೇನು ಸರಕಾರಿ ನೌಕರನಾ" ಅಂತ ಮಾಲಕರು ಬೇಜಾರು ಮಾಡಿಕೊಳ್ಳುವುದಿಲ್ಲವಾ?

ಏನೂ ಹೇಳದೆ ಕಾಗದ ಮುಂದಿಟ್ಟರೆ ಖಂಡಿತ ಬೇಜಾರು ಮಾಡಿಕೊಳ್ಳುತ್ತಾರೆ. ಮನೆಯವರಂತೆ ಇದ್ದವನು ಏಕಾಏಕಿ ಅರ್ಜಿ ಕೊಟ್ಟರೆ ಏನೋ ಮನಸ್ಸಿನಲ್ಲಿದೆ ಅನ್ನಿಸುವುದು ಸಹಜ. ಅದಕ್ಕೆ ಮೊದಲು ಮಾತು, ಆಮೇಲೆ ಕಾಗದ. ಬೆಳಗ್ಗೆ ಅಂಗಡಿ ತೆರೆದು, ಪೂಜೆ ಮುಗಿದು, ಗಿರಾಕಿ ಬರುವ ಮುಂಚೆ ಹತ್ತು ನಿಮಿಷ ಸಿಗುತ್ತದಲ್ಲ, ಆ ಹೊತ್ತು ಒಳ್ಳೆಯದು. ರಾತ್ರಿ ಗಲ್ಲಾ ಎಣಿಸುವಾಗ ಮಾತ್ರ ಬೇಡ. ಲೆಕ್ಕ ತಾಳೆಯಾಗದಿದ್ದರೆ ಆ ಸಿಟ್ಟು ನಿಮ್ಮ ಸೂಟಿಯ ಮೇಲೆ ಬೀಳುತ್ತದೆ.

ಮಾತು ಮುಗಿದ ಮೇಲೆ "ದಿನ ಮರೆಯಬಾರದು ಅಂತ ಬರೆದು ಕೊಡ್ತೀನ್ರಿ" ಅನ್ನಿ. ಮರುದಿನ ಕೊಡಿ. ಕಾಗದದ ಮೊದಲ ಸಾಲಿನಲ್ಲೇ "ತಮ್ಮ ಹತ್ತಿರ ಮಾತಾಡಿದಂತೆ" ಎಂದು ಬರೆದರೆ ಅದು ಹೊಸ ಬೇಡಿಕೆಯಾಗಿ ಕಾಣುವುದಿಲ್ಲ.

ಅಂಗಡಿಯಲ್ಲಿ ಅಪ್ಪ, ಇಬ್ಬರು ಮಕ್ಕಳು ಮೂವರೂ ಕೂರುತ್ತಾರೆ. ಯಾರ ಹೆಸರಿಗೆ ಬರೆಯಲಿ?

ಪಗಾರ ಯಾರ ಕೈಯಿಂದ ಬರುತ್ತದೋ ಅವರ ಹೆಸರಿಗೆ. ನಮ್ಮ ಕಡೆ ಲೈಸೆನ್ಸ್ ಬಹಳ ಸಲ ದೊಡ್ಡ ಮಾಲಕರ ಹೆಸರಲ್ಲೇ ಇರುತ್ತದೆ. ಆದರೆ ದಿನದ ಕೆಲಸ ಹಂಚುವವರು ಮಗ. ಹಾಗಿದ್ದರೆ ಅರ್ಜಿ ದೊಡ್ಡವರ ಹೆಸರಿಗೆ ಬರೆಯಿರಿ, ಮಾತು ಮಾತ್ರ ಮೊದಲು ಮಗನ ಹತ್ತಿರ ಆಡಿ. ಉಲ್ಟಾ ಮಾಡಿದರೆ ಕಷ್ಟ. ತಂದೆ ಹೂಂ ಅಂದದ್ದು ಮಗನಿಗೆ ಗೊತ್ತೇ ಇರುವುದಿಲ್ಲ, ಅದೇ ದಿನ ಅವರು ಹೈದರಾಬಾದಿಗೆ ಮಾಲು ತರಲು ಹೊರಟಿರುತ್ತಾರೆ. ಅಣ್ಣತಮ್ಮಂದಿರ ನಡುವೆ ಒಬ್ಬರ ಒಪ್ಪಿಗೆಯನ್ನು ಇನ್ನೊಬ್ಬರ ಮುಂದೆ ಗುರಾಣಿ ಮಾಡಿಕೊಳ್ಳಲೂ ಹೋಗಬೇಡಿ. ಅವರ ಮನೆಯ ಮಾತಿನ ನಡುವೆ ನೀವು ಸಿಕ್ಕಿಬೀಳುತ್ತೀರಿ.

ಕರೆಯುವುದು "ಸಾವ್ಕಾರ್ರೆ", "ಅಣ್ಣಾರೆ", "ಶೇಠ್‌ಜಿ" ಏನೇ ಇರಲಿ, ಕಾಗದದಲ್ಲಿ "ಮಾಲಕರು" ಎಂದು ಬರೆದು ಕೆಳಗೆ ಅಂಗಡಿಯ ಹೆಸರು ಹಾಕಿ. "ಮಾನ್ಯರೇ" ಸಾಕು.

ಒಂದು ಮಾದರಿ ಕೊಡುತ್ತೀರಾ?

ಒಂದು ಸಂದರ್ಭ ಇಟ್ಟುಕೊಳ್ಳೋಣ. ಪೈಪು, ಮೋಟಾರ್ ಮಾರುವ ಅಂಗಡಿ. ಬಿಲ್ ಹಾಕುವುದು, ಉದ್ರಿ ವಹಿ ಬರೆಯುವುದು ನಿಮ್ಮ ಕೆಲಸ. ಭಾನುವಾರ ಅಂಗಡಿ ಬಂದ್. ಮೇ 6, ಬುಧವಾರ ಆಳಂದ ತಾಲೂಕಿನ ನಿಮ್ಮ ಊರಲ್ಲಿ ತಂಗಿಯ ಮದುವೆ. ಬೇಸಿಗೆ ಬೇರೆ, ಬೋರ್‌ವೆಲ್ ಮೋಟಾರಿಗೆ ಗಿರಾಕಿ ಜಾಸ್ತಿ ಬರುವ ಕಾಲ. ಅರ್ಜಿ ಹೀಗಿರಲಿ:

> ದಿನಾಂಕ: 13 ಏಪ್ರಿಲ್
>
> ಮಾಲಕರು,
> (ಅಂಗಡಿಯ ಹೆಸರು), ಸೂಪರ್ ಮಾರ್ಕೆಟ್, ಕಲಬುರಗಿ ಇವರಿಗೆ
>
> ವಿಷಯ: ತಂಗಿಯ ಮದುವೆಗಾಗಿ ಮೇ 4ರಿಂದ ಮೇ 8ರವರೆಗೆ 5 ದಿನ ರಜೆ ಕೋರಿ.
>
> ಮಾನ್ಯರೇ,
>
> ಶನಿವಾರ ತಮ್ಮ ಹತ್ತಿರ ಮಾತಾಡಿದಂತೆ, ನನ್ನ ತಂಗಿಯ ಮದುವೆ ಮೇ 6, ಬುಧವಾರ ನಮ್ಮ ಊರಿನಲ್ಲಿ ಇದೆ. ಆದ್ದರಿಂದ ಮೇ 4, ಸೋಮವಾರದಿಂದ ಮೇ 8, ಶುಕ್ರವಾರದವರೆಗೆ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮೇ 9, ಶನಿವಾರ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಕೆಲಸಕ್ಕೆ ಬರುತ್ತೇನೆ.
>
> ಏಪ್ರಿಲ್ ತಿಂಗಳ ಮಾರಾಟದ ಬಿಲ್ಲುಗಳನ್ನು ಮೇ 2, ಶನಿವಾರ ಸಂಜೆಯೊಳಗೆ ಜಿಎಸ್‌ಟಿ ನೋಡುವವರಿಗೆ ಮುಟ್ಟಿಸುತ್ತೇನೆ. ಉದ್ರಿ ವಹಿ ಮತ್ತು ಕಪಾಟಿನ ಕೀಲಿಯನ್ನು ಅದೇ ದಿನ ತಮ್ಮ ಮಗನವರ ಕೈಗೆ ಕೊಡುತ್ತೇನೆ. ಬಿಲ್ ಹಾಕುವುದನ್ನು ಕೌಂಟರಿನಲ್ಲಿರುವ (ಹೆಸರು) ನೋಡಿಕೊಳ್ಳುತ್ತಾರೆ, ಅವರನ್ನು ಕೇಳಿದ್ದೇನೆ. ಮದುವೆಯ ದಿನ ಬಿಟ್ಟು ಉಳಿದ ದಿನ ಸಂಜೆ 7ರ ನಂತರ ಫೋನಿಗೆ ಸಿಗುತ್ತೇನೆ.
>
> ಈ 5 ದಿನಗಳನ್ನು ಪಗಾರಸಹಿತ ರಜೆಯಾಗಿ ಹಿಡಿಯಬೇಕೆಂದು ವಿನಂತಿ.
>
> ತಮ್ಮ ವಿಶ್ವಾಸಿ,
> (ಹೆಸರು, ಸಹಿ)
>
> ಮಾಲಕರ ಒಪ್ಪಿಗೆ: ____ ದಿನ. ಸಹಿ: ________ ದಿನಾಂಕ: ________

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ದಿನಾಂಕದ ಜೊತೆ ವಾರ ಬರೆದಿದೆ. ಮಾಲಕರು ಲೆಕ್ಕ ಹಾಕುವುದು ವಾರದ ಮೇಲೆ, ಸಂತೆಯ ಮೇಲೆ. "ಮೇ 4ರಿಂದ 8" ಎಂದಷ್ಟೇ ಬರೆದರೆ 8ಕ್ಕೆ ಬರುತ್ತೀರೋ 9ಕ್ಕೋ ಎಂಬ ಗೊಂದಲ ಉಳಿಯುತ್ತದೆ. ಅದಕ್ಕೇ ಕೆಲಸಕ್ಕೆ ಬರುವ ದಿನ ಬೇರೆಯಾಗಿ ಬರೆಯಬೇಕು.

ಇನ್ನೊಂದು, ಮೇ 2ರ ಮಾತು. ತಿಂಗಳು ತಿಂಗಳು ರಿಟರ್ನ್ ತುಂಬುವ ಅಂಗಡಿಯವರು ಹಿಂದಿನ ತಿಂಗಳ ಮಾರಾಟದ ವಿವರವನ್ನು 11ನೇ ತಾರೀಖಿನೊಳಗೆ ಹಾಕಬೇಕು, ತೆರಿಗೆ ಕಟ್ಟುವ ರಿಟರ್ನ್ 20ರೊಳಗೆ. ನೀವು 9ಕ್ಕೆ ವಾಪಸ್ ಬಂದರೆ 11ಕ್ಕೆ ಉಳಿಯುವುದು ಒಂದೂವರೆ ದಿನ, ನಡುವೆ ಭಾನುವಾರ ಬೇರೆ. ಬಿಲ್ಲಿನ ಕೆಲಸ ನೋಡುವವರು ಸೂಟಿ ಕೇಳಿದಾಗ ಮಾಲಕರ ತಲೆಗೆ ಮೊದಲು ಬರುವುದು ಇದೇ. ಅವರು ಕೇಳುವ ಮುಂಚೆ ನೀವೇ ಉತ್ತರ ಬರೆದಿದ್ದರೆ ಅರ್ಧ ಕೆಲಸ ಆದಂತೆ. ನಿಮ್ಮ ಕೆಲಸದಲ್ಲಿ ಇಂಥ ದಿನ ಯಾವುದು ಎಂದು ಹುಡುಕಿ. ಗಂಜ್‌ನ ಮುನೀಮರಿಗೆ ಅದು ರೈತರಿಗೆ ಹಣ ಕೊಡುವ ದಿನ. ಮೆಡಿಕಲ್‌ನವರಿಗೆ ಸ್ಟಾಕ್ ನೋಡುವ ದಿನ ಇರಬಹುದು.

ಬದಲಿಗೆ ಒಬ್ಬರ ಹೆಸರು ಬರೆಯುವ ಮುಂಚೆ ಅವರನ್ನು ನಿಜವಾಗಿ ಕೇಳಿ. ಮಾಲಕರು ಆ ಹುಡುಗನನ್ನೇ ಕರೆದು "ಏನಪ್ಪ, ನೀ ಮಾಡ್ತೀಯಾ?" ಅಂದಾಗ ಅವನು ತಬ್ಬಿಬ್ಬಾದರೆ ನಿಮ್ಮ ಅರ್ಜಿ ಅಲ್ಲಿಗೇ ಮುಗಿಯಿತು.

ಲಗ್ನಪತ್ರ ಕೊಟ್ಟಿದ್ದೇನೆ. ಅದೇ ಅರ್ಜಿ ಆಯಿತಲ್ಲ?

ಆಗಲಿಲ್ಲ. ಲಗ್ನಪತ್ರ ಮನೆಗೆ ಹೋಗಿ ಕುಂಕುಮ ಹಚ್ಚಿ ಕೊಡುವಂಥದ್ದು, ಅದು ಕರೆಯೋಲೆ. ಮಾಲಕರು ಅದನ್ನು ಕೌಂಟರಿನ ಗಾಜಿನ ಕೆಳಗೆ ಇಡುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಸೂಟಿಯ ಮಾತು ಮುಗಿದಿದೆ ಅಂತ ನೀವು ನಿರಾಳವಾಗಿರುತ್ತೀರಿ. ಪತ್ರದಲ್ಲಿರುವುದು ಅಕ್ಕಿಕಾಳಿನ ಮುಹೂರ್ತ ಮಾತ್ರ. ನೀವು ಎರಡು ದಿನ ಮುಂಚೆ ಹೋಗುತ್ತೀರಿ, ಎರಡು ದಿನ ಆದ ಮೇಲೆ ಬರುತ್ತೀರಿ ಅಂತ ಅದರಲ್ಲಿ ಇಲ್ಲ. ಎರಡನ್ನೂ ಒಟ್ಟಿಗೆ ಕೊಡಬೇಡಿ ಕೂಡ. ಕರೆಯಲು ಬಂದವರು ಕೈಯಲ್ಲಿ ಅರ್ಜಿಯನ್ನೂ ಹಿಡಿದಿದ್ದರೆ ಕರೆದದ್ದಕ್ಕೆ ಮರ್ಯಾದೆ ಇರುವುದಿಲ್ಲ.

ಕಾರಣ ಎಷ್ಟು ಹೇಳಬೇಕು?

ಒಂದು ಸಾಲು. "ತಂಗಿಯ ಮದುವೆ", "ತಾಯಿಯ ಕಣ್ಣಿನ ಆಪರೇಷನ್", "ಹೊಲದಲ್ಲಿ ತೊಗರಿ ರಾಶಿ". ಹೇಳಲು ಇಷ್ಟವಿಲ್ಲದ ಕಾರಣವಾದರೆ "ಮನೆಯ ಕೆಲಸ" ಎಂದು ಬರೆದು, ಬೇಕಾದರೆ ಬಾಯಲ್ಲಿ ಸ್ವಲ್ಪ ತಿಳಿಸಿ.

ಸುಳ್ಳು ಕಾರಣ ಮಾತ್ರ ಬೇಡ. ನಿಮ್ಮ ಊರಿನವರೇ ಇಬ್ಬರು ಆ ಅಂಗಡಿಗೆ ಗಿರಾಕಿಗಳಾಗಿರುತ್ತಾರೆ. ಸೋದರಮಾವ ತೀರಿಕೊಂಡರು ಅಂತ ಬರೆದರೆ ಮಾಲಕರು ಮಾತಾಡಿಸಿಕೊಂಡು ಬರಲು ಗಾಡಿ ಹತ್ತಿ ಊರಿಗೇ ಬಂದುಬಿಡುತ್ತಾರೆ. ದೊಡ್ಡ ಕಂಪನಿಯಲ್ಲಿ ಇದು ಆಗುವುದಿಲ್ಲ, ಇಲ್ಲಿ ಆಗುತ್ತದೆ.

5 ದಿನಕ್ಕೆ ಪಗಾರ ಎಷ್ಟು ಹಿಡಿಯುತ್ತಾರೆ?

ಪಗಾರಸಹಿತ ಅಂತ ಒಪ್ಪಿದ್ದರೆ ಏನೂ ಹಿಡಿಯುವ ಹಾಗಿಲ್ಲ. ಒಪ್ಪದಿದ್ದರೆ ಯಾವ ಲೆಕ್ಕದಲ್ಲಿ ಎಂಬುದನ್ನು ಮೊದಲೇ ಕೇಳಬೇಕು. ಸಣ್ಣ ಅಂಗಡಿಗಳಲ್ಲಿ ಎರಡು ಲೆಕ್ಕ ನಡೆಯುತ್ತವೆ.

ಪಗಾರ ತಿಂಗಳಿಗೆ 19,500 ರೂಪಾಯಿ ಅಂದುಕೊಳ್ಳಿ. ಕೆಲವರು ತಿಂಗಳನ್ನು 30 ದಿನ ಅಂತ ಹಿಡಿಯುತ್ತಾರೆ. ಆಗ ದಿನಕ್ಕೆ 650, ಐದು ದಿನಕ್ಕೆ 3,250. ಇನ್ನು ಕೆಲವರು ವಾರದ ಸೂಟಿ ಬಿಟ್ಟು 26 ದಿನಕ್ಕೆ ಭಾಗಿಸುತ್ತಾರೆ. ಆಗ ದಿನಕ್ಕೆ 750, ಐದು ದಿನಕ್ಕೆ 3,750. ಎರಡೂ ನಡೆಯುವ ಲೆಕ್ಕವೇ. ನಡೆಯದೇ ಇರುವುದು ಎರಡನ್ನೂ ಕಲಸುವುದು. 26ರಿಂದ ಭಾಗಿಸಿ ದಿನದ ರೇಟು 750 ಮಾಡಿ, ಆಮೇಲೆ ಸೂಟಿಯ ಅಕ್ಕಪಕ್ಕದ ಭಾನುವಾರಗಳನ್ನೂ ಸೇರಿಸಿ 7 ದಿನ ಹಿಡಿದರೆ 5,250 ಆಗುತ್ತದೆ. 26ರ ಲೆಕ್ಕದಲ್ಲಿ ಭಾನುವಾರ ಆಗಲೇ ಹೊರಗಿದೆ, ಮತ್ತೆ ಅದನ್ನು ಕಡಿಯಲು ಬರುವುದಿಲ್ಲ. ಪಗಾರ ಕಮ್ಮಿ ಬಂದಾಗ ಮೊದಲು ಇದನ್ನು ನೋಡಿ. ಬೇಕಂತಲೇ ಮಾಡಿರುವುದಿಲ್ಲ, ಬಹಳ ಸಲ ಕ್ಯಾಲ್ಕುಲೇಟರ್ ಹಿಡಿದು ಅವಸರದಲ್ಲಿ ಮಾಡಿರುತ್ತಾರೆ.

ಮದುವೆಗೆ ಅಡ್ವಾನ್ಸ್ ಬೇಕಿದ್ದರೆ ಅದನ್ನು ಈ ಅರ್ಜಿಯಲ್ಲಿ ಸೇರಿಸಬೇಡಿ. ಹಣದ ಮಾತು ಬಂದರೆ ಸೂಟಿಯ ಮಾತು ಹಿಂದೆ ಬೀಳುತ್ತದೆ. ಬೇರೆ ದಿನ ಕೇಳಿ.

ಸಣ್ಣ ಅಂಗಡಿಗೆ ಕಾನೂನು ಏನಾದರೂ ಇದೆಯಾ?

ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಪಗಾರಸಹಿತ ರಜೆ ಬರುತ್ತದೆ. ವರ್ಷದಲ್ಲಿ 280 ದಿನ ಕೆಲಸ ಮಾಡಿದ್ದರೆ 14 ದಿನ. ಅದಲ್ಲದೆ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಪಗಾರಸಹಿತ ರಜೆ ಇದೆ. ವಾರಕ್ಕೊಂದು ದಿನ ಸೂಟಿ ಬೇರೆ. ಮೇ 1 ಕಾರ್ಮಿಕ ದಿನಕ್ಕೂ ರಜೆ ಇದೆ, ಅದನ್ನು ನಿಮ್ಮ ಖಾತೆಯಲ್ಲಿ ಹಿಡಿಯಬಾರದು.

ಈ ಕಾಯ್ದೆಯ ಹೆಸರನ್ನು ಅರ್ಜಿಯಲ್ಲಿ ಬರೆಯಬೇಕಾ? ನನ್ನ ಮಾತು ಕೇಳಿದರೆ ಮೊದಲ ಅರ್ಜಿಯಲ್ಲಿ ಬೇಡ. ಹತ್ತು ವರ್ಷ ಒಟ್ಟಿಗೆ ಚಹಾ ಕುಡಿದವರ ಮುಂದೆ ಕಾಯ್ದೆ ತೆಗೆದರೆ ಅಲ್ಲಿಗೆ ಮಾತು ನಿಲ್ಲುತ್ತದೆ. "ಪಗಾರಸಹಿತ ರಜೆ" ಎಂಬ ಎರಡು ಪದ ಸಾಕು, ನಿಮಗೆ ಗೊತ್ತಿದೆ ಅಂತ ಅವರಿಗೆ ತಿಳಿಯುತ್ತದೆ. ವರ್ಷಪೂರ್ತಿ ಒಂದು ದಿನವೂ ಪಗಾರಸಹಿತ ಸೂಟಿ ಕೊಡದೆ, ಕೇಳಿದಾಗಲೆಲ್ಲ ಕಡಿಯುವವರಿದ್ದರೆ ಮಾತು ಬೇರೆ. ಆಗ ನಿಮ್ಮ ಅರ್ಜಿಗಳ ಫೋಟೋ ಇಟ್ಟುಕೊಂಡು ಕಾರ್ಮಿಕ ನಿರೀಕ್ಷಕರನ್ನು ಕಾಣಬಹುದು. ಕಾಗದ ಇಲ್ಲದೆ ಹೋದರೆ ಅವರೂ ಮೊದಲು ಕೇಳುವುದು "ಬರೆದು ಕೊಟ್ಟಿದ್ದೀರಾ?" ಎಂದೇ.

ಅರ್ಜಿ ಇಸ್ಕೊಂಡು ಡ್ರಾಯರ್‌ನಲ್ಲಿ ಇಟ್ಟರು. ಸಹಿ ಹಾಕಲಿಲ್ಲ. ಈಗ?

ಇದು ಎಲ್ಲರಿಗೂ ಆಗುತ್ತದೆ. ಸಹಿ ಹಾಕಿ ಅಂತ ಒತ್ತಾಯ ಮಾಡಿದರೆ ಅವರಿಗೆ ಮುಜುಗರ. ಕೊಡುವ ಮುಂಚೆ ಕಾಗದದ ಫೋಟೋ ತೆಗೆದಿರಿ. ಅವತ್ತು ರಾತ್ರಿ ವಾಟ್ಸಾಪ್‌ನಲ್ಲಿ ಆ ಫೋಟೋ ಜೊತೆ ಒಂದು ಸಂದೇಶ ಕಳಿಸಿ: "ಅಣ್ಣಾರೆ, ಇವತ್ತು ಕೊಟ್ಟ ಅರ್ಜಿ ಇದು. ಮೇ 4 ಸೋಮವಾರದಿಂದ 8 ಶುಕ್ರವಾರದ ತನಕ ಸೂಟಿ, 9 ಶನಿವಾರ ಬರ್ತೀನಿ. ಇದರಲ್ಲಿ ಏನಾದರೂ ಬದಲಿ ಇದ್ದರೆ ಈ ವಾರದಲ್ಲೇ ಹೇಳ್ರಿ, ಬಸ್ಸು, ಅಡಿಗೆಯವರು ಎಲ್ಲ ಹೇಳಬೇಕು." ಅವರು ಹೆಬ್ಬೆರಳು ಒತ್ತಿದರೂ ಸಾಕು. ನೀಲಿ ಗೆರೆ ಬಂದರೆ ಓದಿದ್ದಾರೆ ಅಂತಷ್ಟೇ, ಒಪ್ಪಿದ್ದಾರೆ ಅಂತಲ್ಲ. ಉತ್ತರವೇ ಬರದಿದ್ದರೆ ನಾಲ್ಕು ದಿನ ಬಿಟ್ಟು ಬೆಳಗಿನ ಹೊತ್ತು ಎದುರಿಗೇ ಕೇಳಿ.

"ಐದು ದಿನ ಆಗಲ್ಲ, ಮೂರು ದಿನ ತಗೋ" ಅಂದರೆ?

ಅರ್ಜಿ ಬರೆಯುವ ಮುಂಚೆಯೇ ನಿಮ್ಮ ಮನಸ್ಸಿನಲ್ಲಿ ಬಿಡಬಹುದಾದ ದಿನ ಯಾವುದು, ಬಿಡಲಾಗದ್ದು ಯಾವುದು ಎಂದು ಗೊತ್ತಿರಬೇಕು. ಮೇಲಿನ ಸಂದರ್ಭದಲ್ಲಿ ಮಂಗಳವಾರ, ಬುಧವಾರ, ಗುರುವಾರ ಬಿಡಲಾಗದು. ಸೋಮವಾರ ಮಧ್ಯಾಹ್ನದ ತನಕ ಕೆಲಸ ಮಾಡಿ ಸಂಜೆ ಆಳಂದದ ಬಸ್ಸು ಹತ್ತಬಹುದು. ಶುಕ್ರವಾರ ಮಧ್ಯಾಹ್ನ ವಾಪಸ್ ಬರಬಹುದು. ಹಾಗಾದರೆ ನಾಲ್ಕು ದಿನದಲ್ಲಿ ಮುಗಿಯುತ್ತದೆ, ಮಾಲಕರ ಮಾತಿಗೂ ಬೆಲೆ ಕೊಟ್ಟಂತೆ. ಒಪ್ಪಿದ ಮೇಲೆ ಹಳೆಯ ಕಾಗದದಲ್ಲೇ ದಿನ ತಿದ್ದಿ, ತಿದ್ದಿದ ಕಡೆ ಇಬ್ಬರೂ ಗುರುತು ಹಾಕಿ. ಹೊಸ ಅರ್ಜಿ ಬರೆದು ಹಳೆಯದು ಡ್ರಾಯರ್‌ನಲ್ಲೇ ಉಳಿದರೆ ಮುಂದೆ ಯಾವುದು ನಿಜ ಅಂತ ಹುಡುಕಬೇಕಾಗುತ್ತದೆ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಸೂಟಿ ಕೇಳುತ್ತಾರೆ. ನನಗೆ ಸಿಗುವುದು ಹೇಗೆ?

ಕಲಬುರಗಿ, ಬೀದರ್ ಕಡೆ ಅವತ್ತು ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ ತಿನ್ನದವರು ಯಾರು? ಮಾಲಕರ ಮನೆಯವರೂ ಹೋಗುತ್ತಾರೆ. ಅದಕ್ಕೆ ಬಹಳ ಅಂಗಡಿಗಳಲ್ಲಿ ಆ ಒಂದು ದಿನಕ್ಕೆ ಅರ್ಜಿ ಬೇಕಾಗುವುದಿಲ್ಲ. ತೊಂದರೆ ಬರುವುದು ಹಿಂದಿನ ದಿನ, ಮರುದಿನ ಸೇರಿಸಿ ಕೇಳಿದಾಗ. ಗಂಜ್‌ನಲ್ಲಂತೂ ಹೊಸ ತೊಗರಿ ಬರುವ ಕಾಲವೇ ಅದು, ಹಮಾಲರಿಂದ ಹಿಡಿದು ಮುನೀಮರವರೆಗೆ ಯಾರಿಗೂ ಪುರುಸೊತ್ತಿಲ್ಲ. ಅಮಾವಾಸ್ಯೆಯ ದಿನ ಮಾತ್ರ ಕೇಳಿ. ಹೊಲದ ರಾಶಿಗೂ ಸೂಟಿ ಬೇಕಿದ್ದರೆ ಅದನ್ನು ಬೇರೆ ಅರ್ಜಿ ಮಾಡಿ. ಅಂಗಡಿಯಲ್ಲಿ ಇಬ್ಬರೋ ಮೂವರೋ ಇದ್ದರೆ ಮೊದಲೇ ಕೂತು ಯಾರು ಯಾವ ದಿನ ಅಂತ ಮಾತಾಡಿ, ಒಂದೇ ಕಾಗದದಲ್ಲಿ ಬರೆದು ಕೊಡಿ. ಮಾಲಕರಿಗೆ ಆರಿಸುವ ಕೆಲಸವೇ ಉಳಿಯುವುದಿಲ್ಲ.

ಬೆಳಗ್ಗೆ ಏಳುವಷ್ಟರಲ್ಲಿ ಜ್ವರ. ಆಗ ಅರ್ಜಿ ಎಲ್ಲಿ ಬರೆಯಲಿ?

ಅಂಗಡಿ ತೆರೆಯುವ ಮುಂಚೆ ಫೋನ್ ಮಾಡಿ, ಕೂಡಲೇ ಎರಡು ಸಾಲು ವಾಟ್ಸಾಪ್ ಹಾಕಿ. ಕೀಲಿ ನಿಮ್ಮ ಹತ್ತಿರ ಇದ್ದರೆ ಯಾರ ಕೈಯಲ್ಲಿ ಕಳಿಸುತ್ತಿದ್ದೀರಿ ಅದನ್ನೂ ಬರೆಯಿರಿ. ಕೆಲಸಕ್ಕೆ ಬಂದ ದಿನ ಡಾಕ್ಟರ ಚೀಟಿ ಜೊತೆ ಹಿಂದಿನ ದಿನಗಳಿಗೆ ಅರ್ಜಿ ಕೊಡಿ.

ನಾನು ಮಾಲಕರ ಅಕ್ಕನ ಮಗ. ನಾನೂ ಬರೆಯಬೇಕಾ?

ನಿಮಗೇ ಎಲ್ಲರಿಗಿಂತ ಜಾಸ್ತಿ ಬೇಕು. ಮಾವನ ಅಂಗಡಿ ಅಂತ ಸುಮ್ನೆ ಹೋದರೆ ಪಗಾರಕ್ಕೆ ಇರುವ ಹುಡುಗರು ಅದನ್ನು ನೋಡುತ್ತಾರೆ, ಮಾವ ಏನೂ ಅನ್ನಲಾರರು, ಕೊನೆಗೆ ಮಾತು ನಿಮ್ಮ ತಾಯಿಯ ಕಿವಿಗೆ ಹೋಗುತ್ತದೆ. ಕಾಗದದಲ್ಲಿ "ಮಾಮಾ" ಎಂದೇ ಬರೆದರೂ ತಪ್ಪಿಲ್ಲ, ದಿನ ಮತ್ತು ಪಗಾರದ ಸಾಲು ಮಾತ್ರ ಬಿಡಬೇಡಿ. ಬಂಧುಗಳ ನಡುವೆ ಪಗಾರದ ಮಾತು ಬಾಯಲ್ಲಿ ಆಡುವುದೇ ಕಷ್ಟ ಅಲ್ವಾ, ಬರೆದರೆ ಆ ಕಷ್ಟ ತಪ್ಪುತ್ತದೆ.

ನಾನು ಮಾಲಕ. ಈ ಚೀಟಿಗಳನ್ನು ಏನು ಮಾಡಲಿ?

ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಒಬ್ಬೊಬ್ಬರಿಗೆ ಎರಡು ಪುಟ. ಪ್ರತಿ ಸಲ ನಾಲ್ಕು ವಿಷಯ ಬರೆಯಿರಿ: ಯಾವ ದಿನದಿಂದ ಯಾವ ದಿನ, ಎಷ್ಟು ದಿನ, ಪಗಾರಸಹಿತವೋ ಅಲ್ಲವೋ, ಇಬ್ಬರ ಸಹಿ. ಅರ್ಜಿಯನ್ನು ಅದೇ ಪುಟಕ್ಕೆ ಪಿನ್ ಮಾಡಿ. ದೀಪಾವಳಿಗೆ ಹೊಸ ವಹಿ ಪೂಜೆ ಮಾಡುವವರು ಸೂಟಿಯ ಲೆಕ್ಕವನ್ನೂ ಅವತ್ತಿನಿಂದಲೇ ಶುರು ಮಾಡಲು ನೋಡುತ್ತಾರೆ. ಜನವರಿಯಿಂದ ಡಿಸೆಂಬರ್ ಹಿಡಿಯುವುದು ಸಲೀಸು, ಪಗಾರದ ವಹಿ ಜೊತೆ ತಾಳೆ ನೋಡಲು ಬರುತ್ತದೆ. ಒಬ್ಬರಿಗೆ ಪಗಾರಸಹಿತ ಕೊಟ್ಟು ಅದೇ ಕಾರಣಕ್ಕೆ ಇನ್ನೊಬ್ಬರಿಗೆ ಕಡಿದಿದ್ದರೆ ಆ ನೋಟ್‌ಬುಕ್ ತೆರೆದ ಕೂಡಲೇ ಕಾಣುತ್ತದೆ, ಅವರು ಬಂದು ಕೇಳುವ ಮುಂಚೆ ನೀವೇ ಸರಿ ಮಾಡಬಹುದು.